ಅಪ್ಪಯ್ಯನಿಗೆ ಪತ್ರ ಬರೆದಿದ್ದೇನೆ, ಕೊಡುವ ಮೊದಲು ಒಮ್ಮೆ ಓದಿ ಹೇಳ್ತೀರಾ?

ಮಂಡಗದ್ದೆ ಹಕ್ಕಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಶಿವಮೊಗ್ಗದಲ್ಲಿ ಬಿಇ ಮುಗಿಸಿದೆ. ಒಂದು ವರ್ಷಕ್ಕಿಂತ ಜಾಸ್ತಿ ಆಯ್ತು, ಮನೆಯಲ್ಲೇ ಕೂತು ಬೇರೆ ಬೇರೆ ಕಂಪನಿಗಳಿಗೆ ವೆಬ್‌ಸೈಟ್ ಮಾಡಿಕೊಡ್ತಿದ್ದೇನೆ. ಅಪ್ಪಯ್ಯನ ಲೆಕ್ಕದಲ್ಲಿ ಇದು "ಕೆಲಸ ಸಿಗೋವರೆಗೆ" ಮಾಡೋ ಕೆಲಸ. ಈಗ ಬೆಂಗಳೂರಿನ ಒಂದು ಕಂಪನಿಯಿಂದ ಆಫರ್ ಬಂದಿದೆ. ಬೇಡ ಅನ್ನಬೇಕು ಅಂತಿದ್ದೇನೆ. ಅದನ್ನು ಮನೆಯಲ್ಲಿ ಹೇಳೋಕೆ ಪತ್ರ ಬರೆದಿದ್ದೇನೆ. ಕೆಳಗಿದೆ. ಎಲ್ಲಿ ಎಡವಿದ್ದೇನೆ ಹೇಳಿ.

*ಅಪ್ಪಯ್ಯ, ಅಮ್ಮ,*

*ಎದುರಿಗೆ ಹೇಳೋಕೆ ಹೋದರೆ ನನ್ನ ದನಿ ಏರುತ್ತದೆ, ನಿಮ್ಮದೂ ಏರುತ್ತದೆ, ಅಮ್ಮ ಒಳಗೆ ಹೋಗಿ ಪಾತ್ರೆ ಸದ್ದು ಮಾಡ್ತಾಳೆ. ಅದಕ್ಕೇ ಬರೆದಿದ್ದೇನೆ.*

*ಬೆಂಗಳೂರಿನ ಕೆಲಸಕ್ಕೆ ನಾನು ಹೋಗುವುದಿಲ್ಲ. ವರ್ಷಕ್ಕೆ 3.6 ಲಕ್ಷ, ಅಂದರೆ ತಿಂಗಳಿಗೆ 30 ಸಾವಿರ ಅಂತ ನೀವು ಚಿಕ್ಕಪ್ಪನ ಹತ್ತಿರ ಹೇಳಿದ್ದು ಕೇಳಿಸಿತು. ಅಷ್ಟು ಕೈಗೆ ಬರುವುದಿಲ್ಲ. ಕಂಪನಿ ಕಟ್ಟುವ ಪಿಎಫ್ 1,800, ಗ್ರಾಚುಟಿ ಅಂತ ಎತ್ತಿಡುವ 700 ಚಿಲ್ಲರೆ, ಎರಡೂ ಆ 30 ಸಾವಿರದ ಒಳಗೇ ಇವೆ. ಆಮೇಲೆ ನನ್ನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗುತ್ತದೆ. ಉಳಿಯುವುದು ಸುಮಾರು 25,500. ಪಿಜಿಗೆ 9,000, ಊಟ, ಬಸ್ಸು ಎಲ್ಲ ಕಳೆದರೆ ತಿಂಗಳ ಕೊನೆಗೆ ಎಂಟು ಸಾವಿರ ಉಳಿದರೆ ದೊಡ್ಡದು.*

*ಕಳೆದ ಏಪ್ರಿಲ್‌ನಿಂದ ಈ ಮಾರ್ಚ್‌ವರೆಗೆ ನನ್ನ ಖಾತೆಗೆ ಬಂದಿದ್ದು 4,86,000 ರೂಪಾಯಿ. ತಿಂಗಳ ಪ್ರಕಾರ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಏಪ್ರಿಲ್ 28 ಸಾವಿರ, ಮೇ 41, ಜೂನ್ ಸೊನ್ನೆ, ಜುಲೈ 11, ಆಗಸ್ಟ್ 64, ಸೆಪ್ಟೆಂಬರ್ 52, ಅಕ್ಟೋಬರ್ 38, ನವೆಂಬರ್ 92, ಡಿಸೆಂಬರ್ 47, ಜನವರಿ ಸೊನ್ನೆ, ಫೆಬ್ರವರಿ 55, ಮಾರ್ಚ್ 58.*

*ಅಪ್ಪಯ್ಯ, ನೀವು ಒಂದು ತಿಂಗಳೂ ಸಂಬಳ ತಗೊಂಡವರಲ್ಲ. ಅಡಿಕೆ ಕೊಯ್ಲಾಗಿ, ಬೇಯಿಸಿ, ಒಣಗಿಸಿ, ಮಂಡಿಗೆ ಹೋದ ಮೇಲೇ ನಮ್ಮ ಮನೆಗೆ ದುಡ್ಡು. ಕೊಳೆ ಬಂದ ವರ್ಷ ಅರ್ಧ ಫಸಲು. ಆದರೂ ನನ್ನನ್ನು ಓದಿಸಿದಿರಿ. ನಾನು ಮಾಡುವುದೂ ಹಾಗೆಯೇ, ವರ್ಷದ ಲೆಕ್ಕ ನೋಡಬೇಕು, ತಿಂಗಳದ್ದಲ್ಲ.*

*ನನಗೆ ನಾನೇ ತಿಂಗಳಿಗೆ 22 ಸಾವಿರ ಸಂಬಳ ಹಾಕಿಕೊಳ್ಳುತ್ತೇನೆ. ಪಿಎಫ್ ಬದಲು ಉಳಿತಾಯ ಮಾಡುತ್ತೇನೆ. ವಿಮೆ ನಾನೇ ಮಾಡಿಸುತ್ತೇನೆ. ಭದ್ರತೆ ಬಗ್ಗೆ ಚಿಂತೆ ಮಾಡಬೇಡಿ.*

ಇಷ್ಟು. ಅಪ್ಪಯ್ಯನಿಗೆ 54, ಶುಗರ್ ಇದೆ. ಎರಡು ಎಕರೆ ತೋಟ. ನಾನೊಬ್ಬನೇ ಮಗ.

ಗಾಂಧಿಬಜಾರ್

ಮನೆಯಲ್ಲೇ ಕೂತು ದುಡಿಯೋ ಕೆಲಸ ಅಂದ್ರೆ ಹುಷಾರಪ್ಪ. ನನ್ನ ಭಾವನ ಮಗನಿಗೂ ಹೀಗೇ ಹೇಳಿ, ಮೊದಲು ರಿಜಿಸ್ಟ್ರೇಷನ್ ಅಂತ 4 ಸಾವಿರ ಕಟ್ಟಿಸಿಕೊಂಡ್ರು. ಆಮೇಲೆ ಫೋನೇ ಎತ್ತಲಿಲ್ಲ.

ಮಂಡಗದ್ದೆ ಹಕ್ಕಿ

ಅದಲ್ಲ ಸರ್, ಅದು ಮೋಸ. ನಾನು ಬಿಲ್ ಕಳಿಸ್ತೇನೆ, ಅವರು ನನಗೆ ದುಡ್ಡು ಕೊಡ್ತಾರೆ.

ಗಾಂಧಿಬಜಾರ್

ಓ ಹಂಗಾ. ಸರಿ ಸರಿ. ಆದ್ರೂ ಹುಷಾರು.

ಕೊನೆಗಾರ

ಪತ್ರ ಚೆನ್ನಾಗಿದೆ. ಆದರೆ ಅಡಿಕೆ ಹೋಲಿಕೆ ಕೊಟ್ಟಿದ್ದೀಯಲ್ಲ, ಅಲ್ಲೇ ನಿಮ್ಮ ಅಪ್ಪಯ್ಯ ನಿನ್ನನ್ನು ಹಿಡೀತಾರೆ ನೋಡು. ನಾನೂ ಅಡಿಕೆಯವನೇ, ಹೊಸನಗರ ಕಡೆ.

ಕೊಳೆ ಬಂದು ಜುಲೈ ತಿಂಗಳಲ್ಲಿ ಕಾಯಿ ಎಲ್ಲ ಉದುರಿ ಹೋಯ್ತು ಅಂತಿಟ್ಟುಕೋ. ಹೊಟ್ಟೆ ಉರಿಯುತ್ತೆ ನಿಜ. ಆದರೆ ಮರ ಅಲ್ಲೇ ನಿಂತಿರುತ್ತೆ ಮಾರಾಯ. ಮುಂದಿನ ವರ್ಷ ಮಳೆಗೆ ಮೊದಲೇ ಬೋರ್ಡೋ ಔಷಧಿ ಹೊಡೆದರೆ ಮತ್ತೆ ಫಸಲು. ಮಂಡಿಯವರು ಆ ಮರ ನೋಡಿಯೇ ಮುಂಗಡ ಕೊಡೋದು. ಸೊಸೈಟಿ ಸಾಲ ಕೊಡೋದು ಪಹಣಿ ನೋಡಿ. ನಿನ್ನ ಗಿರಾಕಿ ಬಿಟ್ಟು ಹೋದರೆ ಮುಂದಿನ ವರ್ಷ ಅವನು ಚಿಗುರುತ್ತಾನಾ? ನಿನ್ನ ಹತ್ತಿರ ಇರೋದು ದುಡಿಮೆ, ನಿಮ್ಮ ಅಪ್ಪಯ್ಯನ ಹತ್ತಿರ ಇರೋದು ಆಸ್ತಿ. ಎರಡೂ ಒಂದೇ ಅನ್ನಬೇಡ.

ಬೆಂಗಳೂರು ಬಸ್

ಹಾಗಾದ್ರೆ ಸಂಬಳದ ಕೆಲಸ ಏನು ಮರವಾ? ಕಳೆದ ವರ್ಷ ನಮ್ಮ ಟೀಮಿನಲ್ಲಿ ಹನ್ನೊಂದು ಜನರನ್ನು ಒಂದೇ ಬೆಳಿಗ್ಗೆ ಮನೆಗೆ ಕಳಿಸಿದರು. ಅದರಲ್ಲಿ ನಾನೂ ಒಬ್ಬ. ಹತ್ತೂವರೆಗೆ ಮೀಟಿಂಗ್, ಹನ್ನೊಂದಕ್ಕೆ ಲ್ಯಾಪ್‌ಟಾಪ್ ಲಾಕ್. ಫ್ರೀಲ್ಯಾನ್ಸರ್‌ಗೆ ನಾಲ್ಕು ಗಿರಾಕಿ ಇದ್ದರೆ ಒಬ್ಬ ಹೋದರೂ ಮೂರು ಜನ ಇರ್ತಾರೆ. ಸಂಬಳದವನಿಗೆ ಇರೋದು ಒಬ್ಬನೇ ಗಿರಾಕಿ.

ಹೊಸಮನೆ ಅಕ್ಕ

ನಿಮಗೆ ಕೆಲಸ ಹೋದಾಗ ಪಿಎಫ್ ಇತ್ತಲ್ವಾ? ಎರಡು ತಿಂಗಳ ದುಡ್ಡು ಕೊಟ್ಟು ಕಳಿಸಿದರಲ್ವಾ? ಅದನ್ನೂ ಹೇಳಿ ಮತ್ತೆ.

ಬೆಂಗಳೂರು ಬಸ್

ಇತ್ತು ಅಕ್ಕ. ಪಿಎಫ್ ತೆಗೆದೇ ಐದು ತಿಂಗಳು ಪಿಜಿ ಬಾಡಿಗೆ ಕಟ್ಟಿದ್ದು. ಒಪ್ಪಿದೆ.

ಲೆಕ್ಕದ ಮನುಷ್ಯ

ನಾನು ದುರ್ಗಿಗುಡಿಯಲ್ಲಿ ಒಬ್ಬ ಆಡಿಟರ್ ಹತ್ತಿರ ಹದಿನಾಲ್ಕು ವರ್ಷದಿಂದ ಕೆಲಸ ಮಾಡ್ತಿದ್ದೇನೆ. ತಮ್ಮಾ, ನಿನ್ನ ಪತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಆ ಹನ್ನೆರಡು ತಿಂಗಳ ಲೆಕ್ಕ. ಎಲ್ಲಕ್ಕಿಂತ ಕೆಟ್ಟದ್ದು ಕೊನೆಯ ಪ್ಯಾರಾ. ಏಕೆ ಅಂದರೆ ನಿನ್ನ ಲೆಕ್ಕವೇ ನಿನ್ನ ಕೊನೆಯ ಪ್ಯಾರಾವನ್ನು ಸುಳ್ಳು ಮಾಡುತ್ತದೆ.

ಮೊದಲು ಹೇಳು, ಕೆಲಸಕ್ಕೆ ತಿಂಗಳಿಗೆ ಖರ್ಚು ಎಷ್ಟು? ಇಂಟರ್‌ನೆಟ್, ಸರ್ವರ್, ಸಾಫ್ಟ್‌ವೇರ್, ಬ್ಯಾಟರಿ ಎಲ್ಲ ಸೇರಿ.

ಮಂಡಗದ್ದೆ ಹಕ್ಕಿ

ಹೆಚ್ಚು ಕಡಿಮೆ 5 ಸಾವಿರ ಸರ್. ವರ್ಷಕ್ಕೆ 60 ಸಾವಿರ.

ಲೆಕ್ಕದ ಮನುಷ್ಯ

ಸರಿ. 22 ಸಂಬಳ, 5 ಖರ್ಚು. ತಿಂಗಳಿಗೆ 27 ಸಾವಿರ ಹೊರಗೆ ಹೋಗಬೇಕು. ಏಪ್ರಿಲ್ ಒಂದನೇ ತಾರೀಕು ಖಾತೆಯಲ್ಲಿ ಏನೂ ಇಲ್ಲ ಅಂತ ಶುರು ಮಾಡೋಣ.

ಏಪ್ರಿಲ್‌ನಲ್ಲಿ 28 ಬಂತು, 27 ಹೋಯ್ತು, ಉಳಿದದ್ದು 1 ಸಾವಿರ. ಮೇ ತಿಂಗಳಲ್ಲಿ 41 ಬಂತು, ಕೊನೆಗೆ 15 ಸಾವಿರ ಉಳಿಯಿತು. ಜೂನ್ ಸೊನ್ನೆ, ಅಲ್ಲಿಗೆ 12 ಸಾವಿರ ಸಾಲ. ಜುಲೈಯಲ್ಲಿ ಬಂದದ್ದು ಬರೀ 11, ಸಾಲ 28 ಸಾವಿರಕ್ಕೆ ಏರಿತು. ಆಗಸ್ಟ್‌ನಲ್ಲಿ 64 ಬಂದ ಮೇಲೆ ತಲೆ ಮೇಲೆತ್ತಿದೆ. ಆಮೇಲೆ ತೊಂದರೆ ಇಲ್ಲ, ಜನವರಿ ಸೊನ್ನೆಯಾದರೂ ನವೆಂಬರ್ ದುಡ್ಡು ಎಳೆದುಕೊಂಡು ಹೋಯ್ತು.

ಅಂದರೆ ವರ್ಷದ ಒಟ್ಟು ಚೆನ್ನಾಗಿದೆ, ಆದರೆ ಜುಲೈಯಲ್ಲಿ ನೀನು ಮುಳುಗಿದ್ದೆ. ಆಗ ಯಾರು ಕೊಟ್ಟರು?

ಮಂಡಗದ್ದೆ ಹಕ್ಕಿ

ಆಗ ಸಂಬಳ ಅಂತ ತಗೊಳ್ತಿರಲಿಲ್ಲ ಸರ್. ಮನೆ ಊಟ. ಅಮ್ಮನ ಹತ್ತಿರ 6 ಸಾವಿರ ಇಸ್ಕೊಂಡಿದ್ದೆ.

ಲೆಕ್ಕದ ಮನುಷ್ಯ

ಅದೇ. ಅಮ್ಮನಿಗೆ ಅದು ನೆನಪಿರುತ್ತದೆ, ಪತ್ರದಲ್ಲಿ ಇಲ್ಲ.

15 ಸಾವಿರ ಸಂಬಳ ಹಾಕಿಕೊಂಡಿದ್ದರೆ ಏನಾಗ್ತಿತ್ತು ನೋಡು. ತಿಂಗಳಿಗೆ 20 ಹೊರಗೆ. ಏಪ್ರಿಲ್ ಕೊನೆಗೆ 8, ಮೇ ಕೊನೆಗೆ 29, ಜೂನ್ ಕೊನೆಗೆ 9, ಜುಲೈ ಕೊನೆಗೆ ಸರಿಯಾಗಿ ಸೊನ್ನೆ. ಸಾಲ ಇಲ್ಲ, ಆದರೆ ಒಂದು ಚಾರ್ಜರ್ ಸುಟ್ಟರೂ ಕತೆ ಮುಗಿಯಿತು. ಈಗ ಖಾತೆಯಲ್ಲಿ ಎಷ್ಟಿದೆ ಗೊತ್ತಿಲ್ಲ. 22 ಸಾವಿರದ ಮಾತು ಆಡಬೇಕಾದರೆ ಆ 28 ಸಾವಿರದ ಗುಂಡಿ ಮುಚ್ಚುವಷ್ಟು ಬೇರೆ ಖಾತೆಯಲ್ಲಿ ಇರಬೇಕು. ನನ್ನನ್ನು ಕೇಳಿದರೆ ಅದರ ಮೂರು ಪಟ್ಟು ಇರಲಿ. ಈ ವರ್ಷದ ಕೆಟ್ಟ ಕಾಲ ಎರಡು ತಿಂಗಳು. ಮುಂದಿನ ವರ್ಷ ನಾಲ್ಕು ಆಗಬಹುದು.

ಮಂಡಗದ್ದೆ ಹಕ್ಕಿ

ಈಗ 1,10,000 ಇದೆ. ಇನ್ವರ್ಟರ್, ಲ್ಯಾಪ್‌ಟಾಪ್‌ಗೆ ಹೋಗಿ ಉಳಿದದ್ದು.

ಲೆಕ್ಕದ ಮನುಷ್ಯ

ಹಾಗಾದ್ರೆ ಅದನ್ನೇ ಬರಿ. "ಚಿಂತೆ ಮಾಡಬೇಡಿ" ಅಂತ ಬರೆದರೆ ಯಾವ ಅಪ್ಪನೂ ಚಿಂತೆ ಬಿಡಲ್ಲ.

ಜೋಗದ ಗುಂಡಿ

ಜೂನ್ ಯಾಕೆ ಸೊನ್ನೆ ಆಯ್ತು? ಮಳೆಗಾ?

ಮಂಡಗದ್ದೆ ಹಕ್ಕಿ

ಅರ್ಧ ಮಳೆ, ಅರ್ಧ ಪುಣೆ. ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಆಗ ಇನ್ವರ್ಟರ್ ಇರಲಿಲ್ಲ. ಫೋನಿಗೆ ಚಾರ್ಜ್ ಹಾಕೋಕೆ ಪೇಟೆಗೆ ಹೋಗ್ತಿದ್ದೆ. ಒಂದು ಸಣ್ಣ ಕೆಲಸ ಅದರಿಂದ ತಪ್ಪಿತು. ಇನ್ನೊಂದು, ಪುಣೆ ಕಂಪನಿಯವರು ಮೇ ಬಿಲ್ಲನ್ನು 71 ದಿನ ಇಟ್ಟುಕೊಂಡು ಕೊಟ್ಟರು.

ಜೋಗದ ಗುಂಡಿ

ಇನ್ವರ್ಟರ್ ಇದ್ದರೂ ಟವರ್ ಸತ್ತರೆ? ನಮ್ಮಲ್ಲಿ ಕರೆಂಟ್ ಹೋಗಿ ನಾಲ್ಕು ಗಂಟೆಗೆ ಟವರ್ ಮಲಗುತ್ತೆ. ಡೀಸೆಲ್ ಹಾಕೋರು ಬರಲ್ಲ.

ಕೊನೆಗಾರ

ನಮ್ಮಲ್ಲಿ ಟವರೇ ಇಲ್ಲ. ಗುಡ್ಡದ ಮೇಲೆ ಒಂದು ಕಲ್ಲಿದೆ, ಅದರ ಮೇಲೆ ನಿಂತರೆ ಎರಡು ಕಡ್ಡಿ ಸಿಗ್ನಲ್. ಆ ಕಲ್ಲಿಗೆ ಎಲ್ಲರೂ ಆಫೀಸು ಅಂತೀವಿ.

ಗಾಂಧಿಬಜಾರ್

ಹಹ್ಹಾ. ಬಾಡಿಗೆ ಎಷ್ಟು ಆಫೀಸಿಗೆ?

ತೆರಿಗೆ ತಲೆನೋವು

ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಪುಣೆ ಅಂದರೆ ಹೊರ ರಾಜ್ಯ. ಹೊರ ರಾಜ್ಯಕ್ಕೆ ಒಂದು ರೂಪಾಯಿ ಬಿಲ್ ಮಾಡಿದರೂ ಜಿಎಸ್‌ಟಿ ನೋಂದಣಿ ಕಡ್ಡಾಯ. ಇಲ್ಲಾಂದ್ರೆ ನೋಟಿಸ್ ಬರುತ್ತೆ. ಮೊದಲು ಅದು ಮಾಡಿಸಿ.

ಲೆಕ್ಕದ ಮನುಷ್ಯ

ಅದು ಸಾಮಾನು ಮಾರೋರ ಕತೆ. ಇವನು ಮಾರೋದು ಸೇವೆ. ಸೇವೆಗೆ 2017ರ ಅಕ್ಟೋಬರ್‌ನಲ್ಲೇ ವಿನಾಯಿತಿ ಬಂತು. ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟುವವರೆಗೆ ಹೊರ ರಾಜ್ಯಕ್ಕೆ ಬಿಲ್ ಮಾಡಿದರೂ ನೋಂದಣಿ ಬೇಡ. ಸುಮ್ನೆ ನೋಂದಣಿ ಮಾಡಿಸಿಕೊಂಡರೆ ಸೊನ್ನೆ ವಹಿವಾಟಿನ ತಿಂಗಳಿಗೂ ರಿಟರ್ನ್ ಹಾಕುತ್ತಾ ಕೂರಬೇಕು. ಮರೆತರೆ ದಂಡ.

ತೆರಿಗೆ ತಲೆನೋವು

ನಮ್ಮ ಆಡಿಟರ್ ಹಾಗೆ ಹೇಳಿದ್ದರಲ್ಲ.

ಲೆಕ್ಕದ ಮನುಷ್ಯ

ನೀವು ಮಾರೋದು ಏನು?

ತೆರಿಗೆ ತಲೆನೋವು

ಕಾಳುಮೆಣಸು, ಏಲಕ್ಕಿ. ಆನ್‌ಲೈನ್.

ಲೆಕ್ಕದ ಮನುಷ್ಯ

ಸರಿಯಾಗೇ ಹೇಳಿದ್ದಾರೆ ಬಿಡಿ. ನಿಮಗೆ.

ಹಕ್ಕಿ, ಇನ್ನೊಂದು ಕೇಳ್ತೀನಿ. ಪುಣೆಯವರು ದುಡ್ಡು ಕೊಡುವಾಗ ಟಿಡಿಎಸ್ ಹಿಡಿದಿದ್ದಾರಾ?

ಮಂಡಗದ್ದೆ ಹಕ್ಕಿ

ಹೂಂ ಸರ್, ಶೇಕಡಾ 10. ವರ್ಷಕ್ಕೆ 3 ಲಕ್ಷ ಬಿಲ್ ಮಾಡಿದ್ದೆ, 2,70,000 ಬಂತು. 30 ಸಾವಿರ ಸರ್ಕಾರಕ್ಕೆ ಹೋಯ್ತು. ಅದಕ್ಕೇ ಅದನ್ನು ಪತ್ರದಲ್ಲಿ ಸೇರಿಸಿಲ್ಲ.

ಲೆಕ್ಕದ ಮನುಷ್ಯ

ಅಯ್ಯೋ ತಮ್ಮಾ. ಅದು ಹೋಗಿಲ್ಲ. ನಿನ್ನ ಪ್ಯಾನ್ ಹೆಸರಿಗೆ ಕೂತಿದೆ. ಹಿಡಿದ ತೆರಿಗೆ ತೋರಿಸುವ 26ಎಎಸ್ ಪಟ್ಟಿ ತೆಗೆದು ನೋಡು. ರಿಟರ್ನ್ ಹಾಕಿದರೆ ಪೂರ್ತಿ 30 ಸಾವಿರ ವಾಪಸ್ ಬರುತ್ತದೆ. ಹೇಗೆ ಅಂತ ಹೇಳ್ತೀನಿ, ಇದು ನಿನ್ನ ಪತ್ರಕ್ಕೂ ಬೇಕಾದ ವಿಷಯ.

ನಿನ್ನ ನಿಜವಾದ ವಹಿವಾಟು 4,86,000 ಅಲ್ಲ, 5,16,000. ಸಾಫ್ಟ್‌ವೇರ್ ಕೆಲಸದವರು 44ಎಡಿಎ ಕಲಮಿನಲ್ಲಿ ಐಟಿಆರ್-4 ಹಾಕಬಹುದು. ಬಂದದ್ದರಲ್ಲಿ ಅರ್ಧ ಆದಾಯ, ಇನ್ನರ್ಧ ಖರ್ಚು ಅಂತ ಸರ್ಕಾರವೇ ಒಪ್ಪಿಕೊಳ್ಳುತ್ತದೆ, ಒಂದೊಂದು ಖರ್ಚಿಗೂ ಲೆಕ್ಕಪುಸ್ತಕ ಬರೆದಿಡಬೇಕಿಲ್ಲ. ಅರ್ಧ ಅಂದರೆ 2,58,000. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಹಿಡಿದದ್ದೆಲ್ಲ ವಾಪಸ್.

ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ. ಅಲ್ಲೇ ತಪ್ಪು ಮಾಡೋದು. ನಾಲ್ಕು ವರ್ಷ ಬಿಟ್ಟು ಮನೆ ಕಟ್ಟೋಕೋ ಕಾರಿಗೋ ಸಾಲ ಕೇಳಿದಾಗ ಬ್ಯಾಂಕಿನವರು ನಿನ್ನ ವಹಿವಾಟು ನೋಡಲ್ಲ, ಎರಡು ಮೂರು ವರ್ಷದ ರಿಟರ್ನ್‌ನಲ್ಲಿ ಆದಾಯ ಎಷ್ಟು ಅಂತ ನೋಡ್ತಾರೆ. ಅಲ್ಲಿ 2,58,000 ಇದ್ದರೆ ತಿಂಗಳಿಗೆ 21 ಸಾವಿರ ದುಡಿಯೋನು ಅಂತ ಲೆಕ್ಕ. ಅರ್ಧ ಅನ್ನೋದು ಕನಿಷ್ಠ, ಗರಿಷ್ಠ ಅಲ್ಲ. ನಿನ್ನ ನಿಜವಾದ ಖರ್ಚು 60 ಸಾವಿರ, ಉಳಿದ 4,56,000 ಆದಾಯ ಅಂತಲೇ ತೋರಿಸು. 2025-26ನೇ ಸಾಲಿಗೆ ಹೊಸ ಪದ್ಧತಿಯಲ್ಲಿ 12 ಲಕ್ಷ ಆದಾಯದವರೆಗೆ ರಿಯಾಯಿತಿ ಇರೋದರಿಂದ ಆಗಲೂ ತೆರಿಗೆ ಸೊನ್ನೆ, 30 ಸಾವಿರವೂ ವಾಪಸ್. ತೆರಿಗೆ ಹೇಗೂ ಇಲ್ಲ ಅಂದ ಮೇಲೆ ಆದಾಯ ಅರ್ಧ ಮಾಡಿ ತೋರಿಸಿ ಏನು ಲಾಭ?

ಕೊನೆಗಾರರು ಹೇಳಿದರಲ್ಲ, ಸೊಸೈಟಿಯವರು ಪಹಣಿ ನೋಡಿ ಸಾಲ ಕೊಡ್ತಾರೆ ಅಂತ. ನಿನಗೆ ಪಹಣಿ ಈ ರಿಟರ್ನೇ.

ಕೊನೆಗಾರ

ಇದು ಗೊತ್ತಿರಲಿಲ್ಲ. ಒಪ್ಪುವ ಮಾತು. ಆದರೂ ಪಹಣಿಯಲ್ಲಿ ಮರ ಇದೆ.

ಅನುವಾದಕಿ ಶಿಕಾರಿಪುರ

ಲೆಕ್ಕದ ಮನುಷ್ಯರೇ, ನಾನು ಅನುವಾದ ಮಾಡೋಳು. ನನಗೂ 44ಎಡಿಎ ಬರುತ್ತಾ? ಒಬ್ಬರು ಬರುತ್ತೆ ಅಂದ್ರು, ಇನ್ನೊಬ್ಬರು ಪಟ್ಟಿಯಲ್ಲಿ ನಿಮ್ಮ ವೃತ್ತಿ ಇಲ್ಲ ಅಂದ್ರು.

ಲೆಕ್ಕದ ಮನುಷ್ಯ

ಪಟ್ಟಿಯಲ್ಲಿ ವಕೀಲರು, ವೈದ್ಯರು, ಎಂಜಿನಿಯರು, ಆರ್ಕಿಟೆಕ್ಟು, ಲೆಕ್ಕಪರಿಶೋಧಕರು, ತಾಂತ್ರಿಕ ಸಲಹೆ, ಒಳಾಂಗಣ ವಿನ್ಯಾಸ ಇವೆ. ಆಮೇಲೆ ಸಿನಿಮಾ ಕಲಾವಿದರು, ಐಟಿ ಇತ್ಯಾದಿ ಸೇರಿಸಿದರು. ಅನುವಾದ ಅಂತ ಹೆಸರು ಹಾಕಿಲ್ಲ. ನಮ್ಮ ಆಫೀಸಲ್ಲೇ ಇದಕ್ಕೆ ಇಬ್ಬರು ಎರಡು ಥರ ಹೇಳ್ತಾರೆ. ನಿಮ್ಮ ಬಿಲ್ಲುಗಳನ್ನು ಒಬ್ಬರಿಗೆ ತೋರಿಸಿಯೇ ಹಾಕಿ.

ಅನುವಾದಕಿ ಶಿಕಾರಿಪುರ

ಅಂದರೆ ಮತ್ತೆ ಅಲ್ಲಿಗೇ ಬಂತು 🙂

ಹೊಸಮನೆ ಅಕ್ಕ

ನೀವೆಲ್ಲ ತೆರಿಗೆ ಮಾತಾಡ್ತಾ ಇದ್ದೀರಿ. ಆ ಹುಡುಗ ಕೊನೆಗೆ ಒಂದು ಸಾಲು ಬರೆದಿದ್ದಾನೆ, ಅಪ್ಪಯ್ಯನಿಗೆ ಶುಗರ್ ಅಂತ. ಪತ್ರದಲ್ಲಿ ಅದು ಇಲ್ಲವೇ ಇಲ್ಲ. "ವಿಮೆ ನಾನೇ ಮಾಡಿಸುತ್ತೇನೆ" ಅಂತ ಮೂರು ಪದದಲ್ಲಿ ಮುಗಿಸಿದ್ದಾನೆ.

ನಮ್ಮ ಮನೆ ಕತೆ ಹೇಳ್ತೀನಿ. ನನ್ನ ತಮ್ಮ ಕಂಪನಿ ಬಿಟ್ಟು ಸ್ವಂತ ಕೆಲಸ ಶುರು ಮಾಡಿದ. ಕಂಪನಿ ವಿಮೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಇದ್ದರು, ಮೊದಲ ದಿನದಿಂದಲೇ ಎಲ್ಲ ಕಾಯಿಲೆಗೂ ಇತ್ತು. ಕೆಲಸ ಬಿಟ್ಟ ದಿನ ಅದೂ ಹೋಯ್ತು. ಹೊಸ ಪಾಲಿಸಿ ಮಾಡಿಸುವಾಗ ಏಜೆಂಟ್ "ಶುಗರ್ ಬರೆಯಬೇಡಿ, ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದ. ತಮ್ಮ ಹಾಗೇ ಮಾಡಿದ. ಒಂದೂವರೆ ವರ್ಷಕ್ಕೆ ಅಪ್ಪನ ಕಾಲಿಗೆ ಗಾಯ ಆಗಿ, ವಾಸಿ ಆಗದೆ, ಆಸ್ಪತ್ರೆಗೆ ಸೇರಿಸಿದೆವು. ಹಳೆ ಚೀಟಿಯಲ್ಲಿ ಎಂಟು ವರ್ಷದ ಶುಗರ್ ಅಂತ ಡಾಕ್ಟರ್ ಬರೆದಿದ್ದರು. ಕ್ಲೇಮ್ ತಿರಸ್ಕಾರ. ಕಟ್ಟಿದ್ದು ನಾವೇ, ಅಮ್ಮನ ಎರಡು ಬಳೆ ಹೋಯ್ತು.

ನಿಜ ಬರೆದರೆ ಏನಾಗುತ್ತೆ ಅಂದ್ರೆ, ಮೊದಲೇ ಇರೋ ಕಾಯಿಲೆಗೆ ಕಾಯಬೇಕಾದ ಅವಧಿ ಇರುತ್ತೆ, ಈಗಿನ ನಿಯಮದಲ್ಲಿ ಹೆಚ್ಚೆಂದರೆ ಮೂರು ವರ್ಷ. ಆ ಮೂರು ವರ್ಷದ ಗಡಿಯಾರ ನೀನು ಪಾಲಿಸಿ ಮಾಡಿಸಿದ ದಿನದಿಂದ ಓಡುತ್ತೆ, ಆಫರ್ ಬೇಡ ಅಂದ ದಿನದಿಂದ ಅಲ್ಲ. ಅದಕ್ಕೇ ಈ ತಿಂಗಳೇ ಮಾಡಿಸು. ನಿಮ್ಮ ಅಪ್ಪಯ್ಯನಿಗೆ ನಿಜವಾಗಿ ಹೆದರಿಕೆ ಇರೋದು ನಿನ್ನ ಸಂಬಳದ ಮೇಲಲ್ಲ ಕಣಪ್ಪ. ಅವರು ಹಾಸಿಗೆ ಹಿಡಿದರೆ ಯಾರು ಕಟ್ಟೋದು ಅಂತ. ಬಾಯಿಬಿಟ್ಟು ಹೇಳಲ್ಲ.

ಬೆಂಗಳೂರು ಬಸ್

ಅದೊಂದಕ್ಕೇ ಆಫರ್ ತಗೋ ಅಂತೀನಿ ನಾನಾದರೆ. ಆಫರ್ ಪತ್ರದಲ್ಲಿ ವಿಮೆಗೆ ಅಪ್ಪ ಅಮ್ಮ ಸೇರ್ತಾರಾ ನೋಡು. ಎಲ್ಲ ಕಂಪನಿಯಲ್ಲೂ ಸೇರಿಸಲ್ಲ. ಕೆಲವು ಕಡೆ ಹೆಂಡತಿ ಮಕ್ಕಳು ಮಾತ್ರ.

ಮಂಡಗದ್ದೆ ಹಕ್ಕಿ

ಈಗ ತೆಗೆದು ನೋಡಿದೆ. ನನಗೊಬ್ಬನಿಗೇ. ಅಪ್ಪ ಅಮ್ಮನ್ನ ಸೇರಿಸಬೇಕಾದ್ರೆ ನಾನೇ ದುಡ್ಡು ಕಟ್ಟಬೇಕು, ಅದೂ ಸೇರಿದ ಮೊದಲ ತಿಂಗಳೇ ಹೇಳಬೇಕು ಅಂತಿದೆ.

ಬೆಂಗಳೂರು ಬಸ್

ಆದ್ರೂ ಅದರಲ್ಲಿ ಕಾಯೋ ಅವಧಿ ಇರಲ್ಲ, ಸಾಮಾನ್ಯವಾಗಿ. ಯೋಚನೆ ಮಾಡು.

ಕೊನೆಗಾರ

ಅಪ್ಪಯ್ಯ ಸೊಸೈಟಿ ಸದಸ್ಯರು ತಾನೇ? ಯಶಸ್ವಿನಿ ಇದೆಯಲ್ಲ. ಸಹಕಾರ ಸಂಘದ ಸದಸ್ಯರಿಗೆ ಇರೋದು, 2022ರಲ್ಲಿ ಮತ್ತೆ ಶುರು ಆಯ್ತು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ. ಎಲ್ಲ ಚಿಕಿತ್ಸೆಗೂ ಇಲ್ಲ, ಅವರ ಪಟ್ಟಿಯಲ್ಲಿ ಇರೋದಕ್ಕೆ, ಪಟ್ಟಿಯಲ್ಲಿ ಇರೋ ಆಸ್ಪತ್ರೆಯಲ್ಲಿ. ಹೆಸರು ಬರೆಸೋಕೆ ವರ್ಷಕ್ಕೊಮ್ಮೆ ಮಾತ್ರ ಅವಕಾಶ ಕೊಡ್ತಾರೆ, ತಪ್ಪಿದರೆ ಮುಂದಿನ ವರ್ಷವೇ. ನಾನು ಒಮ್ಮೆ ತಪ್ಪಿಸಿಕೊಂಡಿದ್ದೆ, ಕೊಯ್ಲಿನ ಗಡಿಬಿಡಿಯಲ್ಲಿ.

ಹೊಸಮನೆ ಅಕ್ಕ

ಅದನ್ನೂ ಮಾಡಿಸಲಿ, ಪಾಲಿಸಿಯನ್ನೂ ಮಾಡಿಸಲಿ. ಆದ್ರೆ ಪಾಲಿಸಿ ಇದ್ದರೂ ಯಶಸ್ವಿನಿ ಕೊಡ್ತಾರಾ ಅಂತ ಸೊಸೈಟಿಯಲ್ಲಿ ಮೊದಲು ಕೇಳಲಿ.

ಲೆಕ್ಕದ ಮನುಷ್ಯ

ಪಿಎಫ್ ಮಾತೂ ಮುಗಿಸಿಬಿಡ್ತೀನಿ. ಆ ಕೆಲಸಕ್ಕೆ ಹೋದರೆ ಎರಡೂ ಕಡೆಯಿಂದ ಸೇರಿ ತಿಂಗಳಿಗೆ 3,600 ಕಟ್ಟಾಗುತ್ತಿತ್ತು. ಅದರಲ್ಲಿ 1,250 ಪಿಂಚಣಿ ಖಾತೆಗೆ. "ಉಳಿತಾಯ ಮಾಡುತ್ತೇನೆ" ಅಂತ ಬರೆಯೋ ಬದಲು ಅದೇ 3,600 ಪಿಪಿಎಫ್‌ಗೆ ಅಂತ ಬರಿ. ಪಿಎಫ್ ಬಡ್ಡಿ 8.25, ಪಿಪಿಎಫ್ 7.1, ಅಷ್ಟು ಕಡಿಮೆಯೇ, ಮುಚ್ಚಿಡಬೇಡ. ತಿಂಗಳ 5ನೇ ತಾರೀಕಿನೊಳಗೆ ಹಾಕು, ಇಲ್ಲಾಂದ್ರೆ ಆ ಕಂತಿಗೆ ಆ ತಿಂಗಳ ಬಡ್ಡಿ ಸಿಗಲ್ಲ. ಹದಿನೈದು ವರ್ಷ ಮುಗಿಯೋವರೆಗೆ ಪೂರ್ತಿ ದುಡ್ಡು ಸುಲಭವಾಗಿ ತೆಗೆಯೋಕೆ ಆಗಲ್ಲ ಅನ್ನೋದೇ ಅದರ ಒಳ್ಳೆಯ ಗುಣ, ನಿನ್ನ ವಯಸ್ಸಿಗೆ.

ಸಾಗರದ ಮೇಷ್ಟ್ರು

ಎಲ್ಲ ಓದಿದೆ. ದುಡ್ಡಿನ ಲೆಕ್ಕ ಒಪ್ಪಿದೆ. ಆದರೆ ಇಪ್ಪತ್ಮೂರನೇ ವಯಸ್ಸಿಗೆ ಒಬ್ಬನೇ ಕೂತು ಕಲಿಯೋದು ಕಡಿಮೆ. ಆಫೀಸಲ್ಲಿ ಪಕ್ಕದವನು ನಿನ್ನ ಕೆಲಸ ನೋಡಿ "ಇದು ಹೀಗಲ್ಲ" ಅಂತಾನೆ. ಮನೆಯಲ್ಲಿ ಯಾರು ಅಂತಾರೆ? ಎರಡು ವರ್ಷ ಹೋಗಿ ಬಂದು ಆಮೇಲೆ ಇದನ್ನೇ ಮಾಡಬಹುದಲ್ಲ. ಗಿರಾಕಿಗಳೂ ಜಾಸ್ತಿ ಕೊಡ್ತಾರೆ.

ಮಂಡಗದ್ದೆ ಹಕ್ಕಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ನಿಜ ಹೇಳ್ತೀನಿ. ಆಫರ್ ಬಂದಿರೋ ಕೆಲಸ ಟೆಸ್ಟಿಂಗ್, ಕೋಡ್ ಬರೆಯೋ ಕೆಲಸ ಅಲ್ಲ. ಅಲ್ಲಿ ಕಲಿಯೋದು ಏನು ಅಂತಲೂ ಅನಿಸುತ್ತೆ.

ಗಾಂಧಿಬಜಾರ್

ಹೆಣ್ಣು ಕೊಡ್ತಾರಾ ಅಂತ ಯಾರೂ ಕೇಳಲಿಲ್ಲ. ಊರಲ್ಲಿರೋ ಹುಡುಗ ಅಂದ್ರೆ ಹುಡುಗಿ ಮನೆಯವರು ಕಾಫಿ ಕುಡಿಯೋದೂ ಇಲ್ಲ ಈಗ. ತೋಟ ಇದ್ರೂ ಅಷ್ಟೇ.

ಕೊನೆಗಾರ

ನನ್ನ ಗಾಯಕ್ಕೆ ಉಪ್ಪು ಹಾಕಬೇಡಿ ಮಾರಾಯ್ರೆ.

ಅನುವಾದಕಿ ಶಿಕಾರಿಪುರ

ಒಂದು ವಿಷಯ ಮಾತ್ರ ಹೇಳಿ ಹೋಗ್ತೀನಿ. 5,16,000ದಲ್ಲಿ 3 ಲಕ್ಷ ಒಬ್ಬನೇ ಪುಣೆಯವನದ್ದು. "ಸಂಬಳದವನಿಗೆ ಒಬ್ಬನೇ ಗಿರಾಕಿ" ಅಂತ ಮೇಲೆ ಯಾರೋ ಅಂದ್ರು. ನಿನಗೂ ಹೆಚ್ಚು ಕಡಿಮೆ ಒಬ್ಬನೇ. ಅವನು 71 ದಿನ ಸತಾಯಿಸಿದರೂ ನೀನು ಸುಮ್ಮನಿದ್ದೆ, ಯಾಕೆ? ಬಿಟ್ಟು ಹೋದರೆ ಅಂತ ಹೆದರಿಕೆ. ಸಣ್ಣ ಉದ್ಯಮ ಅಂತ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸು, ಆಧಾರ್ ಪ್ಯಾನ್ ಇದ್ದರೆ ಸಾಕು, ದುಡ್ಡು ಕೇಳಲ್ಲ. ಆ ನಂಬರ್ ಬಿಲ್ಲಿನ ಮೇಲೆ ಹಾಕಿದರೆ 45 ದಿನದೊಳಗೆ ಕೊಡಲೇಬೇಕು ಅನ್ನೋ ಕಾನೂನು ನಿನ್ನ ಕಡೆ ಇರುತ್ತೆ. ತಡ ಆದರೆ ಅವರಿಗೆ ತೆರಿಗೆ ಲೆಕ್ಕದಲ್ಲೂ ಪೆಟ್ಟು ಬೀಳುತ್ತೆ, ಅದಕ್ಕೇ ಅವರ ಅಕೌಂಟ್ಸ್‌ನವರು ಆ ನಂಬರ್ ನೋಡಿದರೆ ಬೇಗ ಕೊಡ್ತಾರೆ. ನನ್ನ ಅನುಭವ. ದೂರು ಕೊಡೋಕೆ ಮಾತ್ರ ಹೋಗಿಲ್ಲ. ಕೊಟ್ಟರೆ ದುಡ್ಡು ಬರಬಹುದು, ಗಿರಾಕಿ ಹೋಗ್ತಾನೆ. ಹೊಸ ಕೆಲಸಕ್ಕೆ ಮುಂಗಡ 40 ಪರ್ಸೆಂಟ್ ತಗೊಳ್ಳದೆ ನಾನು ಫೈಲ್ ಕೂಡ ತೆರೆಯಲ್ಲ.

ಮಂಡಗದ್ದೆ ಹಕ್ಕಿ

ಎಲ್ಲರಿಗೂ ಥ್ಯಾಂಕ್ಸ್. ಕೊನೆಯ ಪ್ಯಾರಾ ಹರಿದು ಹಾಕಿ ಹೊಸದಾಗಿ ಬರೆದೆ. ಅಡಿಕೆ ಮಾತನ್ನೂ ತಿದ್ದಿದೆ.

*ಅಪ್ಪಯ್ಯ, ನಿಮಗೆ ಮರ ಇದೆ, ನನಗೆ ಇಲ್ಲ. ಅದು ಗೊತ್ತು. ಜುಲೈಯಲ್ಲಿ ಅಮ್ಮನ ಹತ್ತಿರ 6 ಸಾವಿರ ತಗೊಂಡಿದ್ದು ನಿಮಗೆ ಹೇಳಿರಲಿಲ್ಲ. ಬಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಪುಣೆಯ ಒಂದೇ ಕಂಪನಿಯದ್ದು, ಅವರು ನಿಲ್ಲಿಸಿದರೆ ಕಷ್ಟ ಆಗುತ್ತದೆ. ಈಗ ಖಾತೆಯಲ್ಲಿ 1,10,000 ಇದೆ, ಅದರಲ್ಲಿ 84 ಸಾವಿರವನ್ನು ಮುಟ್ಟುವುದಿಲ್ಲ. ಈ ವರ್ಷ ನನಗೆ ಸಂಬಳ 15 ಸಾವಿರ ಮಾತ್ರ. 3,600 ಪಿಪಿಎಫ್‌ಗೆ. ನಿಮ್ಮಿಬ್ಬರ ಹೆಸರಲ್ಲಿ ಪಾಲಿಸಿಗೆ ಅರ್ಜಿ ತುಂಬಿದ್ದೇನೆ, ನಿಮ್ಮ ಶುಗರ್ ಚೀಟಿ ಎಲ್ಲ ಲಗತ್ತಿಸಿದ್ದೇನೆ. ಮೂರು ವರ್ಷ ಶುಗರ್‌ನಿಂದ ಬರುವ ತೊಂದರೆಗೆ ಅದರಿಂದ ಸಿಗುವುದಿಲ್ಲ. ಆ ಮೂರು ವರ್ಷಕ್ಕೆ ಯಶಸ್ವಿನಿ ಸಿಗದಿದ್ದರೆ ಈ 84 ಸಾವಿರವೇ. ಮುಂದಿನ ಮಾರ್ಚ್‌ಗೆ ಮತ್ತೆ ಹನ್ನೆರಡು ತಿಂಗಳ ಲೆಕ್ಕ ಬರೆದು ಕೊಡುತ್ತೇನೆ. ಪುಣೆಯವರ ಪಾಲು ಅರ್ಧಕ್ಕಿಂತ ಕಡಿಮೆ ಆಗದೆ ಇದ್ದರೆ ಕೆಲಸ ಹುಡುಕುತ್ತೇನೆ.*

ಲೆಕ್ಕದ ಮನುಷ್ಯ

ಈಗ ಸರಿ. 30 ಸಾವಿರ ವಾಪಸ್ ಬರೋದನ್ನು ಬರೆಯಬೇಡ. ಬಂದ ಮೇಲೆ ಹೇಳು.

ಸಾಗರದ ಮೇಷ್ಟ್ರು

ಕಂಪನಿಗೆ ಬೇಡ ಅಂತ ಕಳಿಸಿಬಿಟ್ಟೆಯಾ?

ಮಂಡಗದ್ದೆ ಹಕ್ಕಿ

ಇಲ್ಲ ಸರ್, ಇನ್ನೂ ಒಂಬತ್ತು ದಿನ ಇದೆ.

*(ನಾಲ್ಕು ದಿನದ ನಂತರ)*

ಹೊಸಮನೆ ಅಕ್ಕ

ಏನಾಯ್ತೋ ಹುಡುಗ? ಕೊಟ್ಟೆಯಾ?

ಮಂಡಗದ್ದೆ ಹಕ್ಕಿ

ಕೊಟ್ಟೆ ಅಕ್ಕ. ಮೊನ್ನೆ ಸಂಜೆ. ಜಗಲಿ ಮೇಲೆ ಕೂತು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಏನೂ ಮಾತಾಡಲಿಲ್ಲ. ಮಡಚಿ ಮಂಡಿ ಪಟ್ಟಿ ಇಡೋ ಡೈರಿಯೊಳಗೆ ಇಟ್ಟರು. ಅಮ್ಮ ಮಾತ್ರ "ಆ ಆರು ಸಾವಿರ ಯಾಕೆ ಬರೆದೆ, ನನ್ನ ಮೇಲೆ ಬೈಗುಳ" ಅಂತ ನನಗೇ ಬೈದಳು.

ನಿನ್ನೆ ಬೆಳಿಗ್ಗೆ ತೋಟದಲ್ಲಿ ಕೇಳಿದರು, ಆ ಪುಣೆಯವನ ಹತ್ತಿರ ಬರಹದಲ್ಲಿ ಏನಾದ್ರೂ ಇದೆಯಾ, ಬಾಯಿಮಾತಾ ಅಂತ. ಬಾಯಿಮಾತು ಅಂದೆ. "ಮಂಡಿಯವನು ಕೂಡ ಚೀಟಿ ಕೊಡ್ತಾನೆ" ಅಂದರು. ಇವತ್ತು ಪೇಟೆಗೆ ಹೋಗಿದ್ದಾರೆ, ಸೊಸೈಟಿಯಲ್ಲಿ ಯಶಸ್ವಿನಿ ಯಾವಾಗ ಬರೆಸೋದು ಕೇಳಿಕೊಂಡು ಬರ್ತೀನಿ ಅಂತ. ಆಫರ್ ಬಗ್ಗೆ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಇನ್ನು ಐದು ದಿನ.

ಪುಣೆಯವರಿಗೆ ಕರಾರು ಪತ್ರ ಕಳಿಸೋಕೆ ಹೇಳಿ ಮೇಲ್ ಹಾಕಿದ್ದೇನೆ. ಉತ್ತರ ಬಂದಿಲ್ಲ.

ಅನುವಾದಕಿ ಶಿಕಾರಿಪುರ

ನನ್ನ ಹತ್ತಿರ ಒಂದು ಕರಾರಿನ ನಮೂನೆ ಇದೆ, ಎರಡು ಪುಟ. ಅವರು ಕಳಿಸಲಿ ಅಂತ ಕಾಯಬೇಡ, ನೀನೇ ಕಳಿಸು. ಒಳಗೆ ಮೆಸೇಜ್ ಮಾಡು, ಕೊಡ್ತೀನಿ.

ಗಾಂಧಿಬಜಾರ್

ನನಗೂ ಒಂದು ಕಳಿಸಿ ಮೇಡಂ. ಭಾವನ ಮಗನಿಗೆ.